ಬೆಂಗಳೂರಿನಲ್ಲಿ ಐದು, ಮ್ಯೂನಿಕ್‌ನಲ್ಲಿ ಅರ್ಧ

ಎಕ್ಸೆಲ್‌ನ ಖಾಲಿ ಸೆಲ್ ಒಂದರಲ್ಲಿ `=MAX(0,5)` ಎಂದು ಬರೆದು ಎಂಟರ್ ಒತ್ತಿ. ನಮ್ಮ ಕಡೆಯ ಕಚೇರಿಗಳ ಕಂಪ್ಯೂಟರಿನಲ್ಲಿ ಉತ್ತರ 5 ಎಂದು ಬರುತ್ತದೆ. ಸೊನ್ನೆ, ಐದು ಇವೆರಡರಲ್ಲಿ ದೊಡ್ಡದು ಐದೇ ತಾನೆ! ಇದೇ ಒಂಬತ್ತು ಅಕ್ಷರಗಳನ್ನು ಮ್ಯೂನಿಕ್‌ನ ಕಚೇರಿಯೊಂದರಲ್ಲಿ ಹೊಡೆದರೆ ಉತ್ತರ 0,5 ಎಂದು ಬರುತ್ತದೆ. ಅಂದರೆ ಅರ್ಧ. ಜರ್ಮನರು ದಶಮಾಂಶಕ್ಕೆ ಬಿಂದುವಿನ ಬದಲು ಕಾಮಾ ಹಾಕುತ್ತಾರೆ. ಆದ್ದರಿಂದ ಅಲ್ಲಿನ ಎಕ್ಸೆಲ್ ಆವರಣದೊಳಗೆ ಕಂಡದ್ದು ಎರಡು ಸಂಖ್ಯೆಗಳನ್ನಲ್ಲ, ಒಂದೇ ಒಂದನ್ನು. ಇರುವುದೊಂದೇ ಆದಾಗ ದೊಡ್ಡದೂ ಅದೇ. ಎರಡೂ ಕಡೆ ಎಕ್ಸೆಲ್ ತಪ್ಪು ಮಾಡಿಲ್ಲ, ಎಚ್ಚರಿಕೆಯನ್ನೂ ಕೊಟ್ಟಿಲ್ಲ.

ಇದು ಯುರೋಪಿನವರ ತಲೆನೋವು, ನಮಗೇನು ಎಂದು ಬಿಟ್ಟುಬಿಡುವಂತಿಲ್ಲ. ಜರ್ಮನ್, ಫ್ರೆಂಚ್ ಕಂಪನಿಗಳ ಲೆಕ್ಕಪತ್ರದ ಕೆಲಸ ಬೆಂಗಳೂರಿನಲ್ಲಿ ಕೂತವರ ಕೈಯಲ್ಲಿ ನಡೆಯುತ್ತದೆ. ಇಲ್ಲಿ ಇಂಗ್ಲಿಷ್ ಎಕ್ಸೆಲ್ ಕಲಿತು ಸ್ಟಟ್‌ಗಾರ್ಟ್‌ಗೋ ಮ್ಯೂನಿಕ್‌ಗೋ ಕೆಲಸಕ್ಕೆ ಹೋದ ಕನ್ನಡಿಗರಿಗೆ ಮೇಜಿನ ಮೇಲಿನ ಲ್ಯಾಪ್‌ಟಾಪ್ ಜರ್ಮನ್‌ನಲ್ಲಿ ಸಿಗುತ್ತದೆ. ಸಹೋದ್ಯೋಗಿ ಚಾಟ್‌ನಲ್ಲಿ ಕಳಿಸಿದ ಫಾರ್ಮುಲಾವನ್ನು ಕಾಪಿ ಮಾಡಿ ಅಂಟಿಸಿದರೆ ಅದು ಅಲ್ಲಿ ಕೆಲಸ ಮಾಡುವುದಿಲ್ಲ. ಯಾಕೆ ಎಂಬುದನ್ನು ಜರ್ಮನ್ ಎಕ್ಸೆಲನ್ನೇ ಮುಂದಿಟ್ಟುಕೊಂಡು ನೋಡೋಣ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ರಷ್ಯನ್ ಎಕ್ಸೆಲ್‌ಗಳ ಕಥೆಯೂ ಬಹುಮಟ್ಟಿಗೆ ಇದೇ, ಹೆಸರುಗಳು ಮಾತ್ರ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳಬೇಕು. ಇಂಥ ತೊಂದರೆ ಬಂದಾಗ ಜನ ಹೇಳುವುದು "ಅವರ ಫೈಲ್ ನಮ್ಮಲ್ಲಿ ಓಡಲ್ಲ" ಎಂದು. ಆದರೆ ಫೈಲ್ ಓಡುತ್ತದೆ. ಬೆಂಗಳೂರಿನಲ್ಲಿ `=SUM(A1,A5)` ಎಂದು ಬರೆದು ಉಳಿಸಿದ ಫೈಲನ್ನು ಜರ್ಮನಿಯಲ್ಲಿ ತೆರೆದರೆ ಅದೇ ಸೆಲ್‌ನಲ್ಲಿ `=SUMME(A1;A5)` ಎಂದು ಕಾಣುತ್ತದೆ. ಯಾರೂ ಅನುವಾದ ಮಾಡಬೇಕಿಲ್ಲ. ಎಕ್ಸೆಲ್ ಫೈಲಿನೊಳಗೆ ಫಾರ್ಮುಲಾ ಯಾವಾಗಲೂ ಒಂದೇ ರೂಪದಲ್ಲಿ ಕೂತಿರುತ್ತದೆ: ಇಂಗ್ಲಿಷ್ ಹೆಸರು, ನಡುವೆ ಕಾಮಾ, ದಶಮಾಂಶಕ್ಕೆ ಬಿಂದು. ನಂಬಿಕೆ ಬರದಿದ್ದರೆ .xlsx ಫೈಲಿನ ಒಂದು ಪ್ರತಿ ಮಾಡಿ, ಅದರ ಹೆಸರಿನ ಕೊನೆಯನ್ನು .zip ಎಂದು ಬದಲಿಸಿ ತೆರೆಯಿರಿ. ಒಳಗೆ `xl/worksheets/sheet1.xml` ಎಂಬ ಕಡತ ಸಿಗುತ್ತದೆ. ಜರ್ಮನರೊಬ್ಬರು ಜರ್ಮನ್‌ನಲ್ಲೇ ಬರೆದ ಫಾರ್ಮುಲಾ ಕೂಡ ಅಲ್ಲಿ ಹೀಗೆಯೇ ಇರುತ್ತದೆ:

```
<f>SUM(A1,A5)</f>
```

ಹಳೆಯ .xls ಫೈಲುಗಳಲ್ಲಂತೂ ಹೆಸರೇ ಇರಲಿಲ್ಲ. ಪ್ರತಿ ಫಂಕ್ಷನ್‌ಗೂ ಒಂದು ಸಂಖ್ಯೆ ಇತ್ತು, ತೆರೆದವರ ಭಾಷೆಯ ಹೆಸರನ್ನು ಎಕ್ಸೆಲ್ ಅದರ ಮೇಲೆ ಹಚ್ಚಿ ತೋರಿಸುತ್ತಿತ್ತು. ಹಾಗಾಗಿ SUMME, WENN, SVERWEIS ಎಲ್ಲ ಪರದೆಯ ಮೇಲಿನ ವೇಷಗಳು. ತೊಂದರೆ ಶುರುವಾಗುವುದು ಫಾರ್ಮುಲಾ ಫೈಲನ್ನು ಬಿಟ್ಟು ಬರಿಯ ಅಕ್ಷರವಾಗಿ ಪ್ರಯಾಣ ಮಾಡಿದಾಗ. ಇಮೇಲ್, ವಾಟ್ಸ್ಆ್ಯಪ್, ಪುಸ್ತಕ, ಯೂಟ್ಯೂಬ್ ಪಾಠ, ಕೈಬರಹದ ಚೀಟಿ ಯಾವುದರಿಂದ ಬಂದರೂ ಅಷ್ಟೇ. ಅಕ್ಷರವನ್ನು ಓದುವ ಎಕ್ಸೆಲ್ ತನ್ನ ಭಾಷೆಯೊಂದನ್ನು ಬಿಟ್ಟು ಬೇರೆಯದನ್ನು ಊಹಿಸುವುದಿಲ್ಲ.

ಆ ಭಾಷೆ ಒಂದೇ ಜಾಗದಿಂದ ಬರುವುದಿಲ್ಲ ಎನ್ನುವುದು ಎರಡನೆಯ ವಿಷಯ. ಗೊಂದಲದ ಮುಕ್ಕಾಲು ಪಾಲು ಇಲ್ಲೇ ಇದೆ. ಫಂಕ್ಷನ್‌ಗಳ ಹೆಸರನ್ನು ನಿರ್ಧರಿಸುವುದು ಎಕ್ಸೆಲ್‌ನ ಪ್ರದರ್ಶನ ಭಾಷೆ, ಅಂದರೆ ಮೆನುಗಳು ಯಾವ ಭಾಷೆಯಲ್ಲಿ ಕಾಣುತ್ತವೋ ಅದು. ಆದರೆ ಆವರಣದೊಳಗಿನ ಅಂಶಗಳನ್ನು ಬೇರ್ಪಡಿಸುವ ಚಿಹ್ನೆ ಬರುವುದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಿಂದ. ಅಲ್ಲಿ `List separator` ಎಂಬ ಖಾನೆಯೇ ಇದೆ. ಈ ಎರಡನ್ನೂ ಬೇರೆಬೇರೆ ಜನ ಬೇರೆಬೇರೆ ಸಂದರ್ಭದಲ್ಲಿ ತುಂಬಿರುತ್ತಾರೆ. ಕಂಪನಿಯ ಐಟಿ ವಿಭಾಗ ಜರ್ಮನಿಗೆ ತಕ್ಕಂತೆ ವಿಂಡೋಸ್ ಹಾಕಿಕೊಟ್ಟಿರುತ್ತದೆ, ನೀವು ಅನುಕೂಲಕ್ಕೆಂದು ಎಕ್ಸೆಲನ್ನು ಇಂಗ್ಲಿಷ್‌ಗೆ ಬದಲಿಸಿಕೊಂಡಿರುತ್ತೀರಿ. ಆಗ ನಿಮ್ಮ ಎಕ್ಸೆಲ್‌ಗೆ ಬೇಕಾದದ್ದು `=IF(A1>0;1;0)`. ಹೆಸರು ಇಂಗ್ಲಿಷ್, ಚಿಹ್ನೆ ಜರ್ಮನ್. ಬೆಂಗಳೂರಿನವರು ಕಳಿಸಿದ್ದೂ ಇದಕ್ಕೆ ಹೊಂದುವುದಿಲ್ಲ, ಪಕ್ಕದ ಮೇಜಿನ ಜರ್ಮನ್ ಗೆಳೆಯ ಹೇಳಿಕೊಟ್ಟದ್ದೂ ಹೊಂದುವುದಿಲ್ಲ. ಹೊರದೇಶದ ಕನ್ನಡಿಗರ ಲ್ಯಾಪ್‌ಟಾಪ್‌ಗಳಲ್ಲಿ ಈ ಮಿಶ್ರತಳಿಯೇ ಹೆಚ್ಚು ಎಂದು ನನ್ನ ಅಂದಾಜು.

ಮಿಶ್ರತಳಿಗೆ ಜರ್ಮನಿಗೇ ಹೋಗಬೇಕೆಂದೂ ಇಲ್ಲ. ದಕ್ಷಿಣ ಆಫ್ರಿಕಾದ ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ 8ರಿಂದ ದಶಮಾಂಶಕ್ಕೆ ಕಾಮಾ ಬಂತು. ಮೆನು ಪೂರ್ತಿ ಇಂಗ್ಲಿಷ್, ಫಾರ್ಮುಲಾದಲ್ಲಿ ಮಾತ್ರ ಸೆಮಿಕೋಲನ್. ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕರದು ಇನ್ನೊಂದು ಬಗೆ: ಹೆಸರು ಜರ್ಮನ್, ದಶಮಾಂಶಕ್ಕೆ ನಮ್ಮ ಹಾಗೆ ಬಿಂದು, ಆದರೂ ನಡುವೆ ಸೆಮಿಕೋಲನ್. ಜಪಾನೀಸ್, ಚೀನೀ ಎಕ್ಸೆಲ್‌ಗಳಲ್ಲಿ ಮೆನು ಪೂರ್ತಿ ಅವರ ಲಿಪಿಯಲ್ಲಿದ್ದರೂ ಫಂಕ್ಷನ್ ಹೆಸರುಗಳನ್ನು ಇಂಗ್ಲಿಷ್‌ನಲ್ಲೇ ಬಿಟ್ಟಿದ್ದಾರೆ. ಹಾಗಾಗಿ "ಮೆನು ಯಾವ ಭಾಷೆ?" ಎಂದು ಕೇಳಿಕೊಂಡರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಸೆಮಿಕೋಲನ್ ಯಾಕೆ ಬಂತು ಎಂದು ಹೆಚ್ಚು ಹೇಳಬೇಕಿಲ್ಲ. ಕಾಮಾ ದಶಮಾಂಶಕ್ಕೆ ಹೋದಮೇಲೆ ಬೇರ್ಪಡಿಸುವ ಕೆಲಸಕ್ಕೆ ಇನ್ನೊಂದು ಬೇಕೇ ಬೇಕು. ಯಾವುದು ಸರಿ ಎಂಬ ಜಗಳಕ್ಕೂ ಅರ್ಥವಿಲ್ಲ. ಅಳತೆ ಮಾನಗಳ ಅಂತರರಾಷ್ಟ್ರೀಯ ಸಮ್ಮೇಳನ 2003ರಲ್ಲಿ ಬಿಂದುವನ್ನೂ ಕಾಮಾವನ್ನೂ ಸಮನಾಗಿ ಒಪ್ಪಿಕೊಂಡು ಕೈತೊಳೆದುಕೊಂಡಿತು.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪಾರ್ಸೆಲ್ ಕಳಿಸುವ ಒಂದು ಸಂಸ್ಥೆಯ ಲೆಕ್ಕ ಎಂದುಕೊಳ್ಳಿ. A ಕಾಲಂನಲ್ಲಿ ವಲಯದ ಸಂಕೇತ, B ಕಾಲಂನಲ್ಲಿ ತೂಕ. ತೂಕ ಒಂದೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದರೆ Rates ಎಂಬ ಹಾಳೆಯ ಮೂರನೆಯ ಕಾಲಂನಿಂದ ದರ ತರಬೇಕು, ಇಲ್ಲದಿದ್ದರೆ ಸೊನ್ನೆ. ಬೆಂಗಳೂರಿನಲ್ಲಿ ಬರೆದದ್ದು ಮೊದಲ ಸಾಲು, ಜರ್ಮನ್ ಎಕ್ಸೆಲ್‌ಗೆ ಬೇಕಾದದ್ದು ಎರಡನೆಯದು:

```
=IF(B2>=1.5,VLOOKUP(A2,Rates!A:C,3,FALSE),0)
=WENN(B2>=1,5;SVERWEIS(A2;Rates!A:C;3;FALSCH);0)
```

ಮೊದಲ ಸಾಲನ್ನು ಹಾಗೇ ಅಂಟಿಸಿದರೆ ಜರ್ಮನ್ ಎಕ್ಸೆಲ್ ಅದನ್ನು ಸೆಲ್‌ನೊಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಫಾರ್ಮುಲಾದಲ್ಲಿ ಸಮಸ್ಯೆ ಇದೆ ಎಂಬ ಪೆಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ. ಕಾಮಾಗಳನ್ನು ಸೆಮಿಕೋಲನ್ ಮಾಡಿ, 1.5 ಅನ್ನು 1,5 ಮಾಡಿ, ಹೆಸರುಗಳನ್ನು ಮಾತ್ರ ಇಂಗ್ಲಿಷ್‌ನಲ್ಲೇ ಬಿಟ್ಟರೆ? ಈಗ ಎಕ್ಸೆಲ್ ಅದನ್ನು ಒಪ್ಪುತ್ತದೆ, ಆದರೆ ಸೆಲ್‌ನಲ್ಲಿ `#NAME?` ಎಂದು ಬರುತ್ತದೆ. ವ್ಯಾಕರಣ ಸರಿ, ಈ ಹೆಸರಿನವರು ಮಾತ್ರ ಇಲ್ಲಿಲ್ಲ ಎಂಬ ಅರ್ಥ. ಫ್ರೆಂಚ್ ಎಕ್ಸೆಲ್‌ನಲ್ಲಿ ಇದೇ ದೂರು `#NOM?` ಎಂದು ಕಾಣುತ್ತದೆ.

ರೋಗಲಕ್ಷಣ ಗುರುತಿಸುವುದಕ್ಕೆ ಈ ವ್ಯತ್ಯಾಸವೊಂದೇ ಸಾಕು. ಎಂಟರ್ ಒತ್ತಿದಾಗ ಪೆಟ್ಟಿಗೆ ಬಂದು ತಡೆದರೆ ಮೊದಲು ಚಿಹ್ನೆ ನೋಡಿ. ತಡೆಯದೆ ಒಳಗೆ ಬಿಟ್ಟು `#NAME?` ಎಂದರೆ ಹೆಸರು ನೋಡಿ. ಹೆಸರುಗಳು ಹಲವಿದ್ದಾಗ ತಪ್ಪಿರುವುದು ಯಾವುದು ಎಂದು ತಿಳಿಯಲು ಹಳೆಯ ಕೈಗಳು ಬಳಸುವ ಉಪಾಯ ಒಂದಿದೆ. ಫಾರ್ಮುಲಾವನ್ನು ಪೂರ್ತಿ ಸಣ್ಣ ಅಕ್ಷರದಲ್ಲಿ ಬರೆಯಿರಿ. ಎಂಟರ್ ಒತ್ತಿದಮೇಲೆ ಎಕ್ಸೆಲ್ ತನಗೆ ಗೊತ್ತಿರುವ ಫಂಕ್ಷನ್‌ಗಳನ್ನು ತಾನೇ ದೊಡ್ಡ ಅಕ್ಷರಕ್ಕೆ ತಿರುಗಿಸುತ್ತದೆ. `wenn` ಹೋಗಿ `WENN` ಆಗಿ, `vlookup` ಮಾತ್ರ ಹಾಗೇ ಕೂತಿದ್ದರೆ ಕಳ್ಳ ಸಿಕ್ಕಂತೆ. FALSE ಕೂಡ ಇಲ್ಲಿ ಒಂದು ಹೆಸರೇ ಎಂಬುದು ಹಲವರ ಕಣ್ಣಿಗೆ ಬೀಳುವುದಿಲ್ಲ. ಜರ್ಮನ್‌ನಲ್ಲಿ ಅದು FALSCH, ಫ್ರೆಂಚ್‌ನಲ್ಲಿ FAUX. ಅದರ ಬದಲು `0` ಎಂದೇ ಬರೆದುಬಿಟ್ಟರೆ VLOOKUP ಎಲ್ಲ ಭಾಷೆಯಲ್ಲೂ ಒಪ್ಪಿಕೊಳ್ಳುತ್ತದೆ. ಬರೆಯುವ ಶ್ರಮವೂ ಕಡಿಮೆ.

`#NAME?` ಕಂಡಾಗಲೆಲ್ಲ ಭಾಷೆಯನ್ನೇ ದೂರಬಾರದು. ಹೊಸ ಫಂಕ್ಷನ್ ಹಳೆಯ ಎಕ್ಸೆಲ್‌ನಲ್ಲಿ ಇಲ್ಲದಿದ್ದರೂ ಇದೇ ದೂರು ಬರುತ್ತದೆ. ಆದರೆ ಆಗ ಫೈಲಿನಿಂದ ಬಂದ ಹೆಸರಿನ ಮುಂದೆ `_xlfn.` ಎಂಬ ತುಣುಕು ಅಂಟಿರುತ್ತದೆ. ಉದಾಹರಣೆಗೆ ಎಕ್ಸೆಲ್ 2016ರಲ್ಲಿ ತೆರೆದಾಗ `_xlfn.XLOOKUP` ಎಂದು ಕಂಡರೆ ಅದು ವಯಸ್ಸಿನ ಸಮಸ್ಯೆ, ಭಾಷೆಯದಲ್ಲ.

ನಿಮ್ಮ ಮುಂದಿರುವ ಎಕ್ಸೆಲ್‌ಗೆ ಯಾವ ಚಿಹ್ನೆ ಬೇಕು ಎಂದು ತಿಳಿಯಲು ಸೆಟ್ಟಿಂಗ್ಸ್ ಹುಡುಕಬೇಕಾಗಿಯೂ ಇಲ್ಲ. `=MAX(` ಎಂದು ಬರೆದು ನಿಲ್ಲಿಸಿ. MAX ಎಂಬ ಹೆಸರು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಒಂದೇ. ಕೆಳಗೆ ಮೂಡುವ ಸಣ್ಣ ಪಟ್ಟಿಯಲ್ಲಿ `MAX(number1, [number2], ...)` ಎಂದು ಬಂದರೆ ಕಾಮಾ, `MAX(Zahl1; [Zahl2]; ...)` ಎಂದು ಬಂದರೆ ಸೆಮಿಕೋಲನ್. ಆ ಪಟ್ಟಿ ಮೆನುವಿನ ಭಾಷೆಯನ್ನೂ ವಿಂಡೋಸ್‌ನ ಚಿಹ್ನೆಯನ್ನೂ ಒಟ್ಟಿಗೆ ತೋರಿಸಿಬಿಡುತ್ತದೆ.

ಇಷ್ಟು ಹೊತ್ತು ನೋಡಿದ್ದು ಸದ್ದು ಮಾಡಿ ಕೆಡುವ ಫಾರ್ಮುಲಾಗಳನ್ನು. ಅವು ಸಮಯ ತಿನ್ನುತ್ತವೆ, ಲೆಕ್ಕ ಕೆಡಿಸುವುದಿಲ್ಲ. ನಿಜವಾದ ಅಪಾಯ ಸದ್ದಿಲ್ಲದೆ ಕೆಡುವವುಗಳಲ್ಲಿದೆ, ಅದರಲ್ಲೂ ಕೈಯಿಂದ ಅನುವಾದ ಮಾಡುವಾಗ. ಅದೇ ಪಾರ್ಸೆಲ್ ಸಂಸ್ಥೆಯಲ್ಲಿ ಕನಿಷ್ಠ ಒಂದೂವರೆ ಕಿಲೋಗೆ ಹಣ ವಸೂಲು ಮಾಡುವ ನಿಯಮವಿದೆ ಎನ್ನಿ. ಜರ್ಮನಿಯವರು ಅದನ್ನು ಬರೆದ ರೀತಿ ಹೀಗೆ:

```
=MAX(B2;1,5)
```

ಬೆಂಗಳೂರಿನಲ್ಲಿ ಕೂತವರು ಸೆಮಿಕೋಲನ್ ನೋಡುತ್ತಾರೆ, "ಇಲ್ಲಿ ಕಾಮಾ ಬೇಕು" ಎಂದು ಒಂದೇ ಏಟಿಗೆ ಬದಲಿಸುತ್ತಾರೆ. ಸಿಗುವುದು `=MAX(B2,1,5)`. ಎಕ್ಸೆಲ್ ಸಂತೋಷವಾಗಿ ಒಪ್ಪಿಕೊಳ್ಳುತ್ತದೆ, ಏಕೆಂದರೆ MAX ಎಷ್ಟು ಸಂಖ್ಯೆ ಕೊಟ್ಟರೂ ತೆಗೆದುಕೊಳ್ಳುತ್ತದೆ. ಈಗ 800 ಗ್ರಾಂ ಪಾರ್ಸೆಲ್‌ನ ಲೆಕ್ಕದ ತೂಕ ಒಂದೂವರೆ ಕಿಲೋ ಅಲ್ಲ, ಐದು ಕಿಲೋ. ಕಿಲೋಗೆ 40 ರೂಪಾಯಿ ದರವಾದರೆ 60 ರೂಪಾಯಿ ಬರಬೇಕಾದ ಕಡೆ 200 ರೂಪಾಯಿ. ಐದು ಕಿಲೋ ದಾಟಿದ ಪಾರ್ಸೆಲ್‌ಗಳಿಗೆ ಮಾತ್ರ ಲೆಕ್ಕ ಸರಿಯಾಗಿರುತ್ತದೆ. ಪರೀಕ್ಷೆಗೆಂದು ಹತ್ತು ಕಿಲೋ ಹಾಕಿ ನೋಡಿದವರಿಗೆ ಏನೂ ಕಾಣುವುದಿಲ್ಲ. ನಮ್ಮ IF ಫಾರ್ಮುಲಾದಲ್ಲಿ ಇದೇ ಅವಸರ ಮಾಡಿದ್ದರೆ IF ಮೂರಕ್ಕಿಂತ ಹೆಚ್ಚು ಅಂಶ ಒಪ್ಪದೆ ಗಲಾಟೆ ಮಾಡಿ ಉಳಿಸುತ್ತಿತ್ತು. SUM, MAX, MIN, AVERAGE ಉಳಿಸುವುದಿಲ್ಲ.

ಹಾಗಾಗಿ ಬದಲಿಸುವ ಕ್ರಮ ಮುಖ್ಯ. ಜರ್ಮನ್‌ನಿಂದ ನಮ್ಮ ಕಡೆಗೆ ತರುವಾಗ ಮೊದಲು ಸಂಖ್ಯೆಯೊಳಗಿನ ಕಾಮಾಗಳನ್ನು ಬಿಂದು ಮಾಡಬೇಕು, ಆಮೇಲೆ ಸೆಮಿಕೋಲನ್‌ಗಳನ್ನು ಕಾಮಾ ಮಾಡಬೇಕು. ಇಲ್ಲಿಂದ ಅಲ್ಲಿಗೆ ಕೊಂಡೊಯ್ಯುವಾಗ ತಿರುವುಮುರುವು: ಮೊದಲು ಕಾಮಾಗಳು ಸೆಮಿಕೋಲನ್ ಆಗಲಿ, ನಂತರ ಬಿಂದುಗಳು ಕಾಮಾ ಆಗಲಿ. ಕ್ರಮ ತಪ್ಪಿದರೆ 1.5 ಎಂಬುದು 1,5 ಆಗಿ, ಅಲ್ಲಿಂದ 1;5 ಆಗಿ ಒಡೆದುಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ "ಜಯನಗರ, ಬೆಂಗಳೂರು" ಎಂಬಂಥ ಪಠ್ಯ ಇದ್ದರೆ ಅದರ ಕಾಮಾ ಮುಟ್ಟಬಾರದು. ಇದೇ ಕಾರಣಕ್ಕೆ ಎಲ್ಲವನ್ನೂ ಒಮ್ಮೆಲೇ ಬದಲಿಸುವ ಕಮಾಂಡನ್ನು ಇಲ್ಲಿ ನಂಬಲಾಗದು. ಫಾರ್ಮುಲಾ ಅಲ್ಲದ ಬರಿಯ ಸಂಖ್ಯೆಗಳನ್ನು ಅಂಟಿಸುವಾಗಲೂ ಒಂದು ಗುಂಡಿ ಇದೆ. ಜರ್ಮನ್ ಎಕ್ಸೆಲ್‌ನ ಸೆಲ್‌ನಲ್ಲಿ 1.5 ಎಂದು ಹಾಕಿದರೆ ಅದು ಮೇ ಒಂದನೇ ತಾರೀಖಾಗುತ್ತದೆ.

ಇನ್ನು ಮೂರನೆಯ ಪದರ. ಫೈಲನ್ನೇ ಕಳಿಸಿದರೂ ತಪ್ಪಿಸಿಕೊಳ್ಳಲಾಗದ್ದು ಇದೊಂದೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೈಲ್ ತೆರೆದಾಗ ಎಕ್ಸೆಲ್ ಹೆಸರುಗಳನ್ನೂ ಚಿಹ್ನೆಗಳನ್ನೂ ಬದಲಿಸಿ ತೋರಿಸುತ್ತದೆ. ಆದರೆ ಉದ್ಧರಣ ಚಿಹ್ನೆಯೊಳಗಿನದನ್ನು ಮುಟ್ಟುವುದಿಲ್ಲ. ಅದು ಬಳಕೆದಾರರ ಪಠ್ಯ, ತನ್ನದಲ್ಲ ಎಂಬ ನಿಲುವು. ಈ ನಿಲುವು ನ್ಯಾಯವಾದದ್ದೇ. ಆದರೆ TEXT ಎಂಬ ಫಂಕ್ಷನ್ ಉದ್ಧರಣ ಚಿಹ್ನೆಯೊಳಗೆ ಭಾಷೆಯನ್ನು ಅಡಗಿಸಿಟ್ಟಿದೆ:

```
=TEXT(A2,"yyyy-MM")
```

ಇಲ್ಲಿ y ವರ್ಷ, M ತಿಂಗಳು. 2024ರ ಮಾರ್ಚ್ ತಿಂಗಳ ತಾರೀಖಿಗೆ ಇದು ನಮ್ಮಲ್ಲಿ 2024-03 ಕೊಡುತ್ತದೆ. ಜರ್ಮನ್ ವಿಂಡೋಸ್‌ನಲ್ಲಿ ವರ್ಷಕ್ಕೆ J, ದಿನಕ್ಕೆ T, ತಿಂಗಳಿಗೆ M. ಅಲ್ಲಿ ಇದೇ ಫಾರ್ಮುಲಾ ಮರುಲೆಕ್ಕ ಆದಾಗ ಬರುವುದು yyyy-03. ತಿಂಗಳಿನ ಅಕ್ಷರ ಎರಡೂ ಭಾಷೆಯಲ್ಲಿ ಒಂದೇ ಆದ್ದರಿಂದ ಅರ್ಧ ಮಾತ್ರ ಕೆಲಸ ಮಾಡಿತು. ಈ TEXT ಕೇಳುವುದು ಎಕ್ಸೆಲ್‌ನ ಮೆನು ಭಾಷೆಯನ್ನಲ್ಲ, ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗನ್ನು. ಎಕ್ಸೆಲನ್ನು ಇಂಗ್ಲಿಷ್‌ಗೆ ಬದಲಿಸಿಕೊಂಡವರಿಗೂ ಇದು ತಪ್ಪುವುದಿಲ್ಲ. ಫೈಲ್ ತೆರೆದ ಕೂಡಲೇ ಬೆಂಗಳೂರಿನಲ್ಲಿ ಲೆಕ್ಕವಾಗಿದ್ದ ಹಳೆಯ ಉತ್ತರವೇ ಕಾಣುತ್ತಿರಬಹುದು. A2 ಬದಲಾಗಿ ಸೆಲ್ ಮತ್ತೆ ಲೆಕ್ಕವಾದಾಗ ಬಣ್ಣ ಬಯಲಾಗುತ್ತದೆ. "ನಿನ್ನೆವರೆಗೆ ಸರಿಯಿತ್ತು" ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ.

ತಾರೀಖಿನಲ್ಲಿ yyyy ಎಂದು ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಸಂಖ್ಯೆಯಲ್ಲಿ ಗೊತ್ತಾಗುವುದಿಲ್ಲ. `=TEXT(B2,"0.00")` ಎಂದು ಬರೆದಾಗ ನಮ್ಮ ಉದ್ದೇಶ ಎರಡು ದಶಮಾಂಶ ಸ್ಥಾನ. 1234.56 ಎಂಬ ಮೊತ್ತ ಇಲ್ಲಿ 1234.56 ಆಗಿಯೇ ಬರುತ್ತದೆ. ಜರ್ಮನಿಯಲ್ಲಿ ಬಿಂದು ಸಾವಿರದ ಗುರುತು. ಹಾಗಾಗಿ ಅಲ್ಲಿ ಅದೇ ಫಾರ್ಮುಲಾ ಪೈಸೆಗಳನ್ನು ಪೂರ್ಣಾಂಕಕ್ಕೆ ಸೇರಿಸಿ 1.235 ಎಂದು ಬರೆಯುತ್ತದೆ. ಜರ್ಮನ್ ಓದುಗರಿಗೆ ಅದು ಸಾವಿರದ ಇನ್ನೂರ ಮೂವತ್ತೈದು. ಅದನ್ನೇ ಪಿಡಿಎಫ್ ಮಾಡಿ ಬೆಂಗಳೂರಿಗೆ ಕಳಿಸಿದರೆ ಇಲ್ಲಿನವರು ಒಂದೂಕಾಲಿಗೆ ಹತ್ತಿರ ಎಂದು ಓದುತ್ತಾರೆ.

ಪರಿಹಾರ ಸುಲಭ, ಚೆಲುವಾಗಿಲ್ಲ ಅಷ್ಟೇ. ಭಾಷೆ ಅಡಗಿರುವ ಸಂಕೇತದ ಬದಲು ಫಂಕ್ಷನ್‌ಗಳಿಂದಲೇ ಕಟ್ಟಬೇಕು:

```
=YEAR(A2)&"-"&RIGHT("0"&MONTH(A2),2)
```

YEAR, RIGHT, MONTH ಮೂರೂ ಹೆಸರುಗಳಾದ್ದರಿಂದ ಫೈಲ್ ದಾಟುವಾಗ ತಾವಾಗಿ JAHR, RECHTS, MONAT ಆಗುತ್ತವೆ. ಉದ್ಧರಣ ಚಿಹ್ನೆಯೊಳಗೆ ಉಳಿಯುವುದು ಒಂದು ಗೆರೆ, ಒಂದು ಸೊನ್ನೆ ಮಾತ್ರ. ಅವಕ್ಕೆ ಭಾಷೆಯಿಲ್ಲ. INDIRECT ಬಳಸುವವರೂ ಇದೇ ಎಚ್ಚರ ವಹಿಸಬೇಕು. ಸಾಲು ಮತ್ತು ಕಾಲಂಗೆ R, C ಬಳಸಿ `"R5C3"` ಎಂದು ವಿಳಾಸ ಕಟ್ಟಿದರೆ ಜರ್ಮನ್ ಎಕ್ಸೆಲ್‌ಗೆ ಅರ್ಥವಾಗದು, ಅಲ್ಲಿ ಅದು `Z5S3`. `"C5"` ಎಂಬ ಮಾಮೂಲಿ ವಿಳಾಸಕ್ಕೆ ಈ ತೊಡಕಿಲ್ಲ.

ಮ್ಯಾಕ್ರೋ ಬರೆಯುವವರ ಸ್ಥಿತಿ ಬೇರೆ. ಎಕ್ಸೆಲ್ 5ರ ಕಾಲದಲ್ಲಿ ಮೈಕ್ರೋಸಾಫ್ಟ್ ತನ್ನ ಮ್ಯಾಕ್ರೋ ಭಾಷೆಯಾದ ವಿಬಿಎಯನ್ನೂ ಜರ್ಮನ್, ಫ್ರೆಂಚ್‌ಗಳಿಗೆ ಅನುವಾದಿಸಿತ್ತು. ಎಕ್ಸೆಲ್ 97ರ ಹೊತ್ತಿಗೆ ಅದನ್ನು ಕೈಬಿಟ್ಟು ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡಿತು. ಹಾಗಾಗಿ ವಿಬಿಎಯಲ್ಲಿ `Formula` ಎಂಬುದು ಸದಾ ಇಂಗ್ಲಿಷ್ ಹೆಸರು ಮತ್ತು ಕಾಮಾ ಕೇಳುತ್ತದೆ, `FormulaLocal` ಎಂಬುದು ಆ ಯಂತ್ರದ ಭಾಷೆ ಕೇಳುತ್ತದೆ. ಮ್ಯಾಕ್ರೋ ಎಲ್ಲೆಡೆ ಓಡಬೇಕಾದರೆ ಮೊದಲನೆಯದನ್ನೇ ಬಳಸಬೇಕು. ಇದಕ್ಕೆ ಒಂದು ಕೆಟ್ಟ ಅಪವಾದವಿದೆ. ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ವಿಬಿಎಯಿಂದ ಕೊಡುವ ಫಾರ್ಮುಲಾ ಸ್ಥಳೀಯ ಭಾಷೆಯಲ್ಲೇ ಇರಬೇಕು. ಇದನ್ನು ತಿಳಿಯದೆ ಮ್ಯಾಕ್ರೋ ಬರೆದು ಹೊರದೇಶದ ಶಾಖೆಗೆ ಕಳಿಸಿದವರು ಸಾಲುಸಾಲು ಪರೀಕ್ಷಿಸಿ ಸುಸ್ತಾಗುತ್ತಾರೆ.

`Formula`, `FormulaLocal` ಎಂಬ ಈ ಎರಡು ಗುಣಗಳ ವ್ಯತ್ಯಾಸದಲ್ಲೇ ಒಂದು ಪುಕ್ಕಟೆ ಅನುವಾದಕ ಅಡಗಿದೆ. ಎಕ್ಸೆಲ್‌ನಲ್ಲಿ ಒಂದು ಸೆಲ್ ಆರಿಸಿಕೊಂಡು Alt+F11 ಒತ್ತಿ, ಆಮೇಲೆ Ctrl+G. ಕೆಳಗೆ ತೆರೆಯುವ ಚಿಕ್ಕ ಕಿಟಕಿಯಲ್ಲಿ ಈ ಸಾಲುಗಳನ್ನು ಒಂದೊಂದಾಗಿ ಬರೆದು ಎಂಟರ್ ಒತ್ತಿ:

```
ActiveCell.Formula = "=IF(B2>=1.5,VLOOKUP(A2,Rates!A:C,3,FALSE),0)"
?ActiveCell.FormulaLocal
```

ಮೊದಲ ಸಾಲು ಇಂಗ್ಲಿಷ್ ಫಾರ್ಮುಲಾವನ್ನು ಜರ್ಮನ್ ಎಕ್ಸೆಲ್‌ಗೆ ತಪ್ಪಿಲ್ಲದೆ ಇಳಿಸುತ್ತದೆ. ಎರಡನೆಯದು ಅದರ ಜರ್ಮನ್ ರೂಪವನ್ನು ಬರೆದು ತೋರಿಸುತ್ತದೆ. ಜರ್ಮನ್ ಫಾರ್ಮುಲಾ ಇರುವ ಸೆಲ್ ಮೇಲೆ ನಿಂತು `?ActiveCell.Formula` ಎಂದರೆ ಇಂಗ್ಲಿಷ್ ರೂಪ ಸಿಗುತ್ತದೆ. ಅದನ್ನು ಬೆಂಗಳೂರಿಗೆ ಧೈರ್ಯವಾಗಿ ಕಳಿಸಬಹುದು. ಫಾರ್ಮುಲಾದೊಳಗೆ ಉದ್ಧರಣ ಚಿಹ್ನೆ ಇದ್ದರೆ ಇಲ್ಲಿ ಅದನ್ನು ಎರಡೆರಡು ಸಲ ಹಾಕಬೇಕು ಎಂಬುದೊಂದು ನೆನಪಿರಲಿ. ಮ್ಯಾಕ್ರೋ ಕಿಟಕಿಯನ್ನು ಕಂಪನಿ ಮುಚ್ಚಿಟ್ಟಿದ್ದರೆ ಮೈಕ್ರೋಸಾಫ್ಟ್‌ನದೇ ಫಂಕ್ಷನ್ಸ್ ಟ್ರಾನ್ಸ್‌ಲೇಟರ್ ಎಂಬ ಆ್ಯಡ್-ಇನ್ ಇದೆ. ಉದ್ಧರಣ ಚಿಹ್ನೆಯೊಳಗಿನ yyyy ಮಾತ್ರ ಈ ವಿಬಿಎ ದಾರಿಯಲ್ಲೂ ಹಾಗೇ ಉಳಿಯುತ್ತದೆ.

ಪೈಥಾನ್‌ನಿಂದ ಎಕ್ಸೆಲ್ ಫೈಲ್ ತಯಾರಿಸುವವರಿಗೆ ಇದೇ ಕಾಯಿಲೆ ತಲೆಕೆಳಗಾಗಿ ಬರುತ್ತದೆ. openpyxl, XlsxWriter ಇವು ಫೈಲಿನೊಳಗೆ ನೇರವಾಗಿ ಬರೆಯುತ್ತವೆ. ಅಲ್ಲಿ ಇಂಗ್ಲಿಷ್ ಮತ್ತು ಕಾಮಾ ಬಿಟ್ಟು ಬೇರೆ ಸಲ್ಲದು ಎಂಬುದನ್ನು ಆಗಲೇ ನೋಡಿದೆವು. ಜರ್ಮನಿಯ ಪ್ರೋಗ್ರಾಮರ್ ತನ್ನ ಪರದೆಯಲ್ಲಿ ಕಂಡಂತೆ ಸೆಮಿಕೋಲನ್ ಹಾಕಿ ಬರೆದರೆ, ಎಕ್ಸೆಲ್ ಆ ಫೈಲ್ ತೆರೆಯುವಾಗಲೇ ಹಾಳಾಗಿದೆ ಎಂದು ಹೇಳಿ ರಿಪೇರಿಗೆ ಕೂರುತ್ತದೆ.

ವಿಂಡೋಸ್‌ನ ಚಿಹ್ನೆಯನ್ನೇ ಬದಲಿಸಿಬಿಟ್ಟರೆ ಆಗದೆ ಎಂದು ಕೇಳುವವರಿದ್ದಾರೆ. ಆಗುತ್ತದೆ. ರನ್ ಪೆಟ್ಟಿಗೆಯಲ್ಲಿ `intl.cpl` ಎಂದು ಬರೆದು, `Additional settings` ಒಳಗೆ ದಶಮಾಂಶವನ್ನು ಬಿಂದು ಮಾಡಿ, `List separator` ಖಾನೆಯಲ್ಲಿ ಕಾಮಾ ಹಾಕಿದರೆ ಮುಗಿಯಿತು. ಎರಡನ್ನೂ ಬದಲಿಸಬೇಕು. ದಶಮಾಂಶ ಕಾಮಾ ಆಗಿಯೇ ಉಳಿದು ವಿಭಜಕವೂ ಕಾಮಾ ಆದರೆ ಎಕ್ಸೆಲ್ ಅದನ್ನು ಲೆಕ್ಕಿಸದೆ ಸೆಮಿಕೋಲನ್ನೇ ಕೇಳುತ್ತದೆ. ಎಕ್ಸೆಲ್‌ನ ಒಳಗಿನ ಆಯ್ಕೆಗಳಲ್ಲಿ ದಶಮಾಂಶ, ಸಾವಿರ ಇವೆರಡಕ್ಕೆ ಖಾನೆಗಳಿವೆ, ವಿಭಜಕಕ್ಕೆ ಇಲ್ಲ. ಆದರೆ ಕಚೇರಿ ಯಂತ್ರದಲ್ಲಿ ವಿಂಡೋಸ್ ಚಿಹ್ನೆ ಬದಲಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸಿಎಸ್‌ವಿ ಫೈಲುಗಳನ್ನು ಎಕ್ಸೆಲ್ ತೆರೆಯುವುದೂ ಉಳಿಸುವುದೂ ಅದೇ ಚಿಹ್ನೆಯ ಮೇಲೆ. ಬ್ಯಾಂಕಿನಿಂದ ಬರುವ ಜರ್ಮನ್ ಸಿಎಸ್‌ವಿ ಮರುದಿನದಿಂದ ಸರಿಯಾದ ಕಾಲಂಗಳಲ್ಲಿ ಬೀಳದೆ ಕಲಸಿಹೋಗುತ್ತದೆ. ಫಾರ್ಮುಲಾದ ಹೆಸರುಗಳೇ ತೊಂದರೆಯಾದರೆ ಎಕ್ಸೆಲ್‌ನ ಪ್ರದರ್ಶನ ಭಾಷೆ ಬದಲಿಸಿಕೊಂಡು ಒಮ್ಮೆ ಮುಚ್ಚಿ ತೆರೆಯುವುದು ಸಾಕು. ಅದು ಫೈಲುಗಳನ್ನು ಮುಟ್ಟುವುದಿಲ್ಲ.

ಬೇರೆ ಎರಡು ತಂತ್ರಾಂಶಗಳು ಇದನ್ನು ಹೇಗೆ ನಿಭಾಯಿಸಿವೆ ಎಂದು ನೋಡಿದರೆ ಎಕ್ಸೆಲ್ ಮೇಲಿನ ನನ್ನ ಅಸಮಾಧಾನಕ್ಕೆ ಕಾರಣ ಸಿಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ದೇಶದ ಸೆಟ್ಟಿಂಗ್ ಇರುವುದು ಯಂತ್ರಕ್ಕಲ್ಲ, ಫೈಲಿಗೆ. ಒಂದು ಶೀಟನ್ನು ಜರ್ಮನಿಗೆ ಹೊಂದಿಸಿದರೆ ಅದನ್ನು ತೆರೆದ ಎಲ್ಲರಿಗೂ, ಬೆಂಗಳೂರಿನವರಿಗೂ, ಸೆಮಿಕೋಲನ್. ಇದು ಮೊದಲಿಗೆ ಕಿರಿಕಿರಿ ಎನಿಸಿದರೂ ಎಲ್ಲರ ಕಣ್ಣಿಗೂ ಒಂದೇ ಚಿಹ್ನೆ ಕಾಣುವುದರಿಂದ ಫೋನಿನಲ್ಲಿ ಹೇಳಿ ತಿದ್ದಿಸಬಹುದು. ಕಾಮಾ ಬಳಸುವ ಶೀಟಿನಲ್ಲಿ ಸೆಮಿಕೋಲನ್ ಹಾಕಿದರೂ ಅದು ಒಪ್ಪಿಕೊಳ್ಳುತ್ತದೆ. ಫಂಕ್ಷನ್ ಹೆಸರುಗಳನ್ನು ಸದಾ ಇಂಗ್ಲಿಷ್‌ನಲ್ಲೇ ಇಡುವ ಚೌಕವೊಂದು ಅದರ ಸೆಟ್ಟಿಂಗ್ಸ್‌ನಲ್ಲಿದೆ. ಲಿಬ್ರೆಆಫೀಸ್ ಕ್ಯಾಲ್ಕ್ ಇನ್ನೂ ಮುಂದೆ ಹೋಗಿದೆ. ಆಯ್ಕೆಗಳಲ್ಲಿ ಕ್ಯಾಲ್ಕ್‌ನ ಫಾರ್ಮುಲಾ ಪುಟ ತೆರೆದರೆ ಇಂಗ್ಲಿಷ್ ಹೆಸರಿಗೆ ಒಂದು ಚೌಕವಿದೆ, ವಿಭಜಕ ಚಿಹ್ನೆಗಳಿಗೆ ಬೇರೆಯೇ ಖಾನೆಗಳಿವೆ. ಮೆನು ಯಾವ ಭಾಷೆಯಲ್ಲಿದ್ದರೂ, ವಿಂಡೋಸ್ ಏನೇ ಹೇಳಿದರೂ, ಫಾರ್ಮುಲಾ ನಿಮಗೆ ಬೇಕಾದ ಹಾಗೆ.

ಕೋಟಿಗಟ್ಟಲೆ ಜನ ಬಳಸುವ ಎಕ್ಸೆಲ್‌ಗೆ ಇದೊಂದು ಚೌಕ ಕಷ್ಟವಲ್ಲ. ಫೈಲಿನೊಳಗೆ ಅದು ಹೇಗೂ ಇಂಗ್ಲಿಷ್ ರೂಪವನ್ನೇ ಇಟ್ಟುಕೊಂಡಿದೆ, ವಿಬಿಎಗೆ ಕೇಳಿದರೆ ಕೊಡುತ್ತದೆ. ಸೆಲ್‌ನಲ್ಲಿ ಬರೆಯುವವರಿಗೆ ಮಾತ್ರ ಕೊಡುವುದಿಲ್ಲ. ಜರ್ಮನ್‌ನಲ್ಲಿ ಓದಿ ಬರೆಯುವ ಲೆಕ್ಕಿಗನಿಗೆ WENN ಸಿಗುವುದು ನ್ಯಾಯವೇ. ಅದನ್ನು ತೆಗೆಯಿರಿ ಎಂದು ಯಾರೂ ಕೇಳುತ್ತಿಲ್ಲ, ಜೊತೆಗೆ ಇನ್ನೊಂದು ದಾರಿ ಇರಲಿ ಎಂದಷ್ಟೇ.

ಅಲ್ಲಿಯವರೆಗೆ ಗಡಿ ದಾಟುವ ಫಾರ್ಮುಲಾವನ್ನು ಚಾಟ್‌ನಲ್ಲಿ ಅಕ್ಷರವಾಗಿ ಕಳಿಸಬೇಡಿ. ಒಂದೇ ಒಂದು ಸೆಲ್ ಇರುವ ಚಿಕ್ಕ .xlsx ಫೈಲ್ ಮಾಡಿ ಅದನ್ನೇ ಕಳಿಸಿ. ಅದರಲ್ಲಿ TEXT ಇದ್ದರೆ ಕಳಿಸುವ ಮುನ್ನ ತೆಗೆದು YEAR, MONTH, ROUND ಇಂಥವುಗಳಿಂದ ಮತ್ತೆ ಕಟ್ಟಿ. ಪರೀಕ್ಷೆಗೆ ದಶಮಾಂಶ ಇರುವ ಒಂದು ಸಣ್ಣ ಸಂಖ್ಯೆಯನ್ನು, 0.8ರಂಥದ್ದನ್ನು, ತಪ್ಪದೆ ಹಾಕಿ ನೋಡಿ.